ಆನೆಗುಂದಿ ಘಟ್ಟದ ಬುತ್ತಿ ದೃಶ್ಯ: ಚಿತ್ರೀಕರಣಕ್ಕೆ ಮೊದಲು ಕಟ್ಟಿದ ಅನಿಮ್ಯಾಟಿಕ್ ಮತ್ತು ಪ್ರಿವಿಸ್

ಗಂಗಾವತಿಯ ನಮ್ಮ ಸಣ್ಣ ತಂಡದ ಕಿರುಚಿತ್ರದಲ್ಲಿ ಒಂದು ನಿಮಿಷಕ್ಕೆ ಹತ್ತಿರದ ಒಂದು ದೃಶ್ಯವಿದೆ. ಆನೆಗುಂದಿಯ ಓಣಿಯೊಂದರಿಂದ ಹನ್ನೊಂದು ವರ್ಷದ ಹುಡುಗಿ ಓಡಿ ಬರುತ್ತಾಳೆ. ಅವಳ ಕೈಯಲ್ಲಿ ಅಜ್ಜ ಮರೆತು ಬಂದ ಬುತ್ತಿಯ ಗಂಟು ಇದೆ. ಅವಳು ಘಟ್ಟದ ಮೆಟ್ಟಿಲಿಳಿದು ನೀರಿನ ಅಂಚಿಗೆ ಬರುವಷ್ಟರಲ್ಲಿ ಅಜ್ಜ ಕೂತ ಹರಿಗೋಲು ದಡ ಬಿಟ್ಟಿರುತ್ತದೆ. ಅವಳು ಗಂಟನ್ನು ಎಸೆಯುತ್ತಾಳೆ, ಅಜ್ಜ ಹಿಡಿಯುತ್ತಾನೆ, ಹಿಂದೆ ಬಂಡೆಗುಡ್ಡಗಳ ಮೇಲೆ ಸಂಜೆಯ ಸೂರ್ಯನಿರುತ್ತಾನೆ. ಚಿತ್ರಕಥೆಯಲ್ಲಿ ಇದು ಆರು ಸಾಲು. ಆದರೆ ಹುಡುಗಿಯ ಓಟ, ಹರಿಗೋಲಿನ ಚಲನೆ, ಗಂಟಿನ ಹಾರಾಟ ಮತ್ತು ಸೂರ್ಯನ ಇಳಿತ ಎಂಬ ನಾಲ್ಕು ಗಡಿಯಾರಗಳು ಇಲ್ಲಿ ಒಟ್ಟಿಗೆ ನಡೆಯುತ್ತವೆ, ಮತ್ತು ಅವುಗಳಲ್ಲಿ ಒಂದೂ ಇನ್ನೊಂದಕ್ಕಾಗಿ ಕಾಯುವುದಿಲ್ಲ. ಹಾಗಾಗಿ ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಇಡೀ ದೃಶ್ಯವನ್ನು ಕಂಪ್ಯೂಟರಿನಲ್ಲಿ ಒರಟಾಗಿ ಕಟ್ಟಿ, ಅಂದರೆ ಪ್ರಿವಿಸ್ ಮಾಡಿ, ನೋಡಬೇಕೆಂದು ನಿರ್ದೇಶಕರೂ ಛಾಯಾಗ್ರಾಹಕರೂ ಒಪ್ಪಿದರು, ಆ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಕಟ್ಟಿದೆವು, ಅದು ಯಾವ ನಿರ್ಧಾರಗಳನ್ನು ಬದಲಿಸಿತು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಮಾಡಿದ್ದು ಅನಿಮ್ಯಾಟಿಕ್. ನಿರ್ದೇಶಕರು ಪೆನ್ಸಿಲಿನಲ್ಲಿ ಬಿಡಿಸಿದ ಸ್ಟೋರಿಬೋರ್ಡ್ ಚಿತ್ರಗಳನ್ನು ಫೋನಿನಲ್ಲಿ ತೆಗೆದು, ಎಡಿಟಿಂಗ್ ತಂತ್ರಾಂಶದಲ್ಲಿ ಸೆಕೆಂಡಿಗೆ 24 ಫ್ರೇಮಿನ ಟೈಮ್‌ಲೈನಿನ ಮೇಲೆ ಒಂದರ ಹಿಂದೆ ಒಂದು ಜೋಡಿಸಿದೆ. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದು ಈ ಹಂತದಲ್ಲಿ ಮುಖ್ಯವಲ್ಲ, ಪ್ರತಿ ಚಿತ್ರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಮುಖ್ಯ. ಅದನ್ನು ಅಂದಾಜಿನಲ್ಲಿ ಹಾಕದೆ, ಮೊದಲು ಶಬ್ದದ ಪಟ್ಟಿಯನ್ನು ಕಟ್ಟಿದೆ. ಹುಡುಗಿ ಅಜ್ಜನನ್ನು ಕೂಗುವ ಮಾತು, ಅವನ ಉತ್ತರ, ಬರಿಗಾಲು ಕಲ್ಲಿನ ಮೇಲೆ ಬೀಳುವ ಸದ್ದು, ಹುಟ್ಟು ನೀರಿಗೆ ಬೀಳುವ ಸದ್ದು ಇಷ್ಟನ್ನೂ ಫೋನಿನಲ್ಲೇ ದಾಖಲಿಸಿ, ಚಿತ್ರಗಳನ್ನು ಅದಕ್ಕೆ ಹೊಂದಿಸಿದೆ. ಮಾತುಗಳನ್ನು ಕೋಣೆಯಲ್ಲಿ ಕೂತು ಓದಿಸದೆ ಬಯಲಿನಲ್ಲಿ ದೂರ ನಿಲ್ಲಿಸಿ ಕೂಗಿಸಿದ್ದಕ್ಕೆ ಕಾರಣವಿದೆ. ದೂರದಲ್ಲಿರುವವರನ್ನು ಕೂಗುವಾಗ ಸ್ವರಗಳು ಎಳೆಯುತ್ತವೆ, ಉತ್ತರ ಬರುವ ಮೊದಲು ಒಂದು ತೆರಪು ಬೀಳುತ್ತದೆ. "ಅಜ್ಜಾ, ಬುತ್ತೀ!" ಎಂಬ ಎರಡು ಮಾತು ಕೋಣೆಯಲ್ಲಿ ಒಂದು ಸೆಕೆಂಡಿನಲ್ಲಿ ಮುಗಿದರೆ ಬಯಲಿನಲ್ಲಿ ಅದರ ಎರಡರಷ್ಟು ಹೊತ್ತು ತೆಗೆದುಕೊಂಡಿತು.

ಅನಿಮ್ಯಾಟಿಕ್ ನೋಡಿದಾಗ ದೃಶ್ಯದ ಲಯ ಸರಿ ಎನಿಸಿತು. ಆದರೆ ನಿಂತ ಚಿತ್ರಗಳು ಹೇಳಲಾರದ ಪ್ರಶ್ನೆಯೊಂದು ಉಳಿದಿತ್ತು: ಹುಡುಗಿ ನೀರಿನ ಅಂಚಿಗೆ ಬರುವ ಹೊತ್ತಿಗೆ ಹರಿಗೋಲು ನಿಜವಾಗಿ ಎಲ್ಲಿರುತ್ತದೆ? ಇಲ್ಲಿಂದ ಮುಂದಕ್ಕೆ ಅಳತೆ ಬೇಕು.

ಟೇಪು, ನೋಟುಪುಸ್ತಕ ಮತ್ತು ಫೋನು ಹಿಡಿದು ನಾವು ಘಟ್ಟಕ್ಕೆ ಹೋದೆವು. ಓಣಿಯ ತಿರುವಿನಿಂದ ಮೇಲಿನ ಮೆಟ್ಟಿಲಿನವರೆಗೆ 30 ಮೀಟರ್. ಅಲ್ಲಿಂದ 14 ಮೆಟ್ಟಿಲು, ಪ್ರತಿಯೊಂದು ಸುಮಾರು 20 ಸೆಂಟಿಮೀಟರ್ ಎತ್ತರ, 35 ಸೆಂಟಿಮೀಟರ್ ಅಗಲ. ಕೆಳಗೆ ನೀರಿಗೆ ತಾಗಿಕೊಂಡು ಎರಡೂವರೆ ಮೀಟರ್ ಅಗಲದ ಕಲ್ಲಿನ ಕಟ್ಟೆ. ಹರಿಗೋಲಿನ ಅಡ್ಡಳತೆ 2.1 ಮೀಟರ್. ಪಾತ್ರ ಮಾಡುವ ಹುಡುಗಿಯನ್ನೇ ಓಡಿಸಿ ನೋಡಿದಾಗ ಓಣಿಗೆ ಒಂಬತ್ತು ಸೆಕೆಂಡ್, ಮೆಟ್ಟಿಲಿಗೆ ಆರು, ಕಟ್ಟೆ ದಾಟಿ ಗಂಟನ್ನು ತೂಗಿ ಬಿಡಲು ಎರಡಕ್ಕಿಂತ ತುಸು ಹೆಚ್ಚು ಹಿಡಿಯಿತು. ಮೆಟ್ಟಿಲಿನ ಕಲ್ಲುಗಳು ಸಮವಿಲ್ಲದ ಕಾರಣ ಅಲ್ಲಿ ಅವಳ ವೇಗ ಬಹಳ ಇಳಿಯುತ್ತದೆ, ಮತ್ತು ಅದನ್ನು ಹೆಚ್ಚಿಸಲು ಯಾರೂ ಅವಳಿಗೆ ಹೇಳಬಾರದು ಎಂದು ಅಲ್ಲೇ ತೀರ್ಮಾನವಾಯಿತು. ಇನ್ನು ಹರಿಗೋಲು: ದಡದಿಂದ ದಬ್ಬಿ ಮೊದಲ ಎರಡು ಮೀಟರ್ ಹೋಗಲು ಐದು ಸೆಕೆಂಡ್ ಬೇಕು, ಆಮೇಲೆ ಅದು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರಿನಂತೆ ಸಾಗುತ್ತದೆ.

ಇಷ್ಟೇ ಅಂಕಿಗಳಿಂದ ಚಿತ್ರಕಥೆಯ ಒಂದು ಸಾಲು ಬಿದ್ದುಹೋಯಿತು. ಓಣಿಯ ತಿರುವಿನಲ್ಲಿ ನಿಂತ ಹುಡುಗಿ ಹರಿಗೋಲು ದಡ ಬಿಡುವುದನ್ನು ನೋಡುತ್ತಾಳೆ ಎಂದು ಬರೆದಿತ್ತು. ಅಲ್ಲಿಂದ ಅವಳು ಎಸೆಯುವವರೆಗೆ 17 ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಹರಿಗೋಲು ಒಂಬತ್ತು ಮೀಟರಿಗೂ ಆಚೆ ಇರುತ್ತದೆ. ಮುಕ್ಕಾಲು ಕಿಲೋ ತೂಕದ ಬಟ್ಟೆಯ ಗಂಟನ್ನು ಆ ಹುಡುಗಿ ಬಯಲಿನಲ್ಲಿ ಗುರಿಯಿಟ್ಟು ಎಸೆದದ್ದು ಹೆಚ್ಚೆಂದರೆ ಐದು ಮೀಟರ್. ಕಟ್ ಹಾಕಿ ಕಾಲವನ್ನು ಕುಗ್ಗಿಸಬಹುದು ಎಂಬ ಮಾತು ಬಂತು, ಅದು ನಿಜವೂ ಹೌದು. ಆದರೆ ನಿರ್ದೇಶಕರಿಗೆ ಎಸೆತವೂ ಹಿಡಿತವೂ ಒಂದೇ ಶಾಟಿನಲ್ಲಿ ಕಾಣಬೇಕಿತ್ತು. ಹಾಗಿದ್ದರೆ ಆ ಶಾಟಿನೊಳಗಿನ ದೂರ ನಿಜವಾದ ದೂರವೇ ಆಗಬೇಕು.

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಘಟ್ಟವನ್ನು ಕಟ್ಟಲು ಪೆಟ್ಟಿಗೆಗಳೇ ಸಾಕಾದವು. ಮೆಟ್ಟಿಲಿಗೊಂದು ಪೆಟ್ಟಿಗೆಯನ್ನು ಪುನರಾವರ್ತಿಸಿದೆ, ಹರಿಗೋಲಿಗೆ ತಟ್ಟೆಯಂಥ ಸಿಲಿಂಡರ್, ಹುಡುಗಿಗೆ 1.35 ಮೀಟರಿನ ಗೊಂಬೆ, ಅಜ್ಜನಿಗೆ ಕೂತ ಗೊಂಬೆ. ನೀರನ್ನು ಬೇರೆಯೇ ಒಂದು ಹಾಳೆಯಾಗಿ ಇಟ್ಟೆ. ಮೇಲ್ಭಾಗದಲ್ಲಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಬಿಡುವ ನೀರು ಹೆಚ್ಚು ಕಡಿಮೆಯಾದಂತೆ ಘಟ್ಟದಲ್ಲಿ ಮಟ್ಟ ಬದಲಾಗುತ್ತದೆ. ಹಾಳೆಯನ್ನು 30 ಸೆಂಟಿಮೀಟರ್ ಏರಿಸಿದರೆ ಕಟ್ಟೆಯೇ ಮುಳುಗುತ್ತದೆ, ಆಗ ಯಾವ ಯೋಜನೆ ಎಂಬುದನ್ನೂ ಇದೇ ಮಾದರಿಯಲ್ಲಿ ನೋಡಬಹುದು. ಎದುರು ದಡದ ಗುಡ್ಡವನ್ನು ಕೆತ್ತಲು ಹೋಗಲಿಲ್ಲ. ಕಟ್ಟೆಯ ಮೇಲೆ ನಿಂತು ಫೋನಿನ ಕೋನಮಾಪಕದಿಂದ ಗುಡ್ಡದ ನೆತ್ತಿಯನ್ನು ಅಳೆದಾಗ ಸುಮಾರು ಆರು ಡಿಗ್ರಿ ಬಂತು. ಅಷ್ಟೇ ಕೋನಕ್ಕೆ ಬರುವಂತೆ ದೂರದಲ್ಲಿ ಒಂದು ಗೋಡೆ ನಿಲ್ಲಿಸಿದೆ. ಚೌಕಟ್ಟಿನ ಲೆಕ್ಕಕ್ಕೆ ಬೇಕಾದದ್ದು ಆ ಕೋನವೇ ಹೊರತು ಬಂಡೆಗಳ ಆಕಾರವಲ್ಲ.

ಕ್ಯಾಮೆರಾದ ವಿಷಯದಲ್ಲಿ ಮಾತ್ರ ಹೀಗೆ ಸಲೀಸಾಗಿ ಹೋಗುವಂತಿಲ್ಲ. ತಂತ್ರಾಂಶದ ಕ್ಯಾಮೆರಾಕ್ಕೆ ಲೆನ್ಸಿನ ಸಂಖ್ಯೆ ಕೊಟ್ಟರೆ ಸಾಲದು, ನಮ್ಮ ಕ್ಯಾಮೆರಾದ ಸೆನ್ಸರಿನಲ್ಲಿ ನಿಜವಾಗಿ ಬಳಕೆಯಾಗುವ ಅಗಲವನ್ನೂ ಕೊಡಬೇಕು. ಬ್ಲೆಂಡರ್ ತಾನಾಗಿ 36 ಮಿಲಿಮೀಟರ್ ಇಟ್ಟುಕೊಂಡಿರುತ್ತದೆ. ನಮ್ಮದು ಎಪಿಎಸ್-ಸಿ ಸೆನ್ಸರ್, ಕೈಪಿಡಿಯ ಪ್ರಕಾರ 23.5 ಮಿಲಿಮೀಟರ್, ಆದರೆ ಅನೇಕ ಕ್ಯಾಮೆರಾಗಳು 4ಕೆ ವಿಡಿಯೊ ತೆಗೆಯುವಾಗ ಸೆನ್ಸರಿನ ಅಂಚುಗಳನ್ನು ಬಿಟ್ಟು ನಡುವಿನ ಭಾಗವನ್ನಷ್ಟೇ ಓದುತ್ತವೆ. ಇದನ್ನು ತಿಳಿಯಲು ಗೋಡೆಗೆ ಟೇಪು ಅಂಟಿಸಿ, ಎರಡು ಮೀಟರ್ ದೂರದಿಂದ 35 ಮಿಲಿಮೀಟರ್ ಲೆನ್ಸಿನಲ್ಲಿ ಶೂಟಿಂಗಿಗೆ ಬಳಸುವ ಅದೇ ಸೆಟ್ಟಿಂಗಿನಲ್ಲಿ ವಿಡಿಯೊ ತೆಗೆದು, ಚೌಕಟ್ಟಿನ ಎಡ ಅಂಚಿನಿಂದ ಬಲ ಅಂಚಿಗೆ ಎಷ್ಟು ಟೇಪು ಕಾಣುತ್ತದೆಂದು ಓದಿಕೊಂಡರೆ ಸಾಕು. ನಮಗೆ 1.10 ಮೀಟರ್ ಕಂಡಿತು. ಲೆಕ್ಕ ಇಷ್ಟೇ:

```
S = W × f / D
S = 1.10 × 35 / 2 = 19.25 mm
```

ಇಲ್ಲಿ W ಕಂಡ ಅಗಲ, D ದೂರ, f ಲೆನ್ಸಿನ ನಾಭಿದೂರ, S ಬಳಕೆಯಾದ ಸೆನ್ಸರಿನ ಅಗಲ. ಪೂರ್ತಿ ಸೆನ್ಸರ್ ಬಳಕೆಯಾಗಿದ್ದರೆ 1.34 ಮೀಟರ್ ಕಾಣಬೇಕಿತ್ತು. ಈ ವ್ಯತ್ಯಾಸ ಮಾದರಿಗೆ ಸೇರದಿದ್ದರೆ ಪ್ರಿವಿಸ್‌ನಲ್ಲಿ ಹಿಡಿಸಿದ ಚೌಕಟ್ಟು ಘಟ್ಟದಲ್ಲಿ ಹಿಡಿಸುವುದಿಲ್ಲ, ಹಿಂದೆ ಸರಿಯಲು ಅಲ್ಲಿ ಜಾಗವೂ ಇರುವುದಿಲ್ಲ. ಬ್ಲೆಂಡರಿನ ಪೈಥಾನ್ ಕಿಟಕಿಯಲ್ಲಿ ಇದನ್ನು ಎಲ್ಲ ಕ್ಯಾಮೆರಾಗಳಿಗೂ ಒಮ್ಮೆಲೇ ಹಾಕಿದೆ:

```python
import bpy
for c in bpy.data.cameras:
    c.sensor_fit = 'HORIZONTAL'
    c.sensor_width = 19.25
```

ಆಮೇಲೆ ಚಲನೆ. ಬ್ಲೆಂಡರಿನಲ್ಲಿ ಎರಡು ಕೀಫ್ರೇಮುಗಳ ನಡುವಿನ ಚಲನೆ ತಾನಾಗಿ ನಿಧಾನಕ್ಕೆ ಹೊರಟು ನಿಧಾನಕ್ಕೆ ನಿಲ್ಲುತ್ತದೆ. ನೋಡಲು ಅದು ಮೆತ್ತಗಿರುತ್ತದೆ, ಆದರೆ ವೇಳೆ ಪರೀಕ್ಷಿಸಲು ಕೂತವರಿಗೆ ಅದು ದಾರಿ ತಪ್ಪಿಸುತ್ತದೆ: ಹರಿಗೋಲು ಐದನೇ ಸೆಕೆಂಡಿಗೆ ಎಲ್ಲಿರಬೇಕೋ ಅಲ್ಲಿರುವುದಿಲ್ಲ. ಆದ್ದರಿಂದ ಓಟಕ್ಕೂ ಹರಿಗೋಲಿನ ಎರಡನೆಯ ಹಂತಕ್ಕೂ ಗ್ರಾಫ್ ಎಡಿಟರಿನಲ್ಲಿ T ಒತ್ತಿ `Linear` ಆರಿಸಿದೆ. ಗಂಟಿನ ಹಾರಾಟಕ್ಕೆ ಅಡ್ಡ ಚಲನೆ `Linear`, ಎತ್ತರದ ಚಲನೆ `Quadratic`. ಏರುವ ಅರ್ಧಕ್ಕೆ `Ease Out`, ಇಳಿಯುವ ಅರ್ಧಕ್ಕೆ `Ease In`. ಗುರುತ್ವದಡಿ ಬೀಳುವ ವಸ್ತುವಿನ ದಾರಿ ಇದೇ ವಕ್ರರೇಖೆಯಾದ್ದರಿಂದ, ಹೀಗೆ ಮಾಡಿದರೆ ಗಂಟು ಗಾಳಿಯಲ್ಲಿ ತೇಲಿದಂತೆ ಕಾಣುವುದಿಲ್ಲ.

ಈಗ ಮುಖ್ಯ ಶಾಟ್. ಛಾಯಾಗ್ರಾಹಕರ ಮೊದಲ ಯೋಜನೆಯಲ್ಲಿ ಕ್ಯಾಮೆರಾ ಗಿಂಬಲಿನ ಮೇಲೆ ಹುಡುಗಿಯ ಬೆನ್ನ ಹಿಂದೆಯೇ ಮೆಟ್ಟಿಲಿಳಿದು, ಅವಳು ಎಸೆಯುವಾಗ ಅವಳ ಭುಜದ ಮೇಲಿಂದ ಹರಿಗೋಲನ್ನೂ ಗುಡ್ಡವನ್ನೂ ಸೂರ್ಯನನ್ನೂ ತೋರಿಸಬೇಕಿತ್ತು. ಕಾಗದದ ಮೇಲೆ ಇದು ಸುಂದರ ಚಿತ್ರ. ಮಾದರಿಯಲ್ಲಿ ಕಟ್ಟಿದ ಕೂಡಲೇ ಚೌಕಟ್ಟಿನ ತುಂಬ ನೀರು ಮಾತ್ರ ಕಂಡಿತು, ಗುಡ್ಡವಿಲ್ಲ, ಆಕಾಶವಿಲ್ಲ. ಕಾರಣ ಮೆಟ್ಟಿಲಿನ ಇಳಿಜಾರು. 24 ಮಿಲಿಮೀಟರ್ ಲೆನ್ಸಿನಲ್ಲಿ ಹುಡುಗಿ ಪೂರ್ತಿ ಕಾಣಬೇಕಾದರೆ ಕ್ಯಾಮೆರಾ ಮೂರು ಮೀಟರ್ ಹಿಂದಿರಬೇಕು; ಮೆಟ್ಟಿಲಿನ ಮೇಲೆ ಮೂರು ಮೀಟರ್ ಹಿಂದೆ ಎಂದರೆ ಎಂಟು ಮೆಟ್ಟಿಲು ಮೇಲೆ, ಅಂದರೆ 1.6 ಮೀಟರ್ ಎತ್ತರ. ಅದಕ್ಕೆ ಕ್ಯಾಮೆರಾ ಹಿಡಿದವರ ಎದೆಯ ಎತ್ತರ ಸೇರಿದರೆ ಲೆನ್ಸು ಹುಡುಗಿಯ ಪಾದಕ್ಕಿಂತ ಸುಮಾರು ಮೂರು ಮೀಟರ್ ಮೇಲಿರುತ್ತದೆ. ಅಲ್ಲಿಂದ ಅವಳನ್ನೂ ಹರಿಗೋಲನ್ನೂ ಹಿಡಿಯಲು ಇಪ್ಪತ್ತು ಡಿಗ್ರಿಗೂ ಹೆಚ್ಚು ಕೆಳಗೆ ಬಾಗಬೇಕು. ಆ ಲೆನ್ಸಿನಲ್ಲಿ ಚೌಕಟ್ಟಿನ ಮೇಲಿನಿಂದ ಕೆಳಗಿನವರೆಗೆ ಒಟ್ಟು 25 ಡಿಗ್ರಿಯಷ್ಟೇ ಇರುವುದರಿಂದ ಚೌಕಟ್ಟಿನ ಮೇಲಂಚು ದಿಗಂತಕ್ಕಿಂತ ಏಳೆಂಟು ಡಿಗ್ರಿ ಕೆಳಗೇ ಉಳಿಯುತ್ತದೆ. ಗುಡ್ಡದ ನೆತ್ತಿ ಇರುವುದು ದಿಗಂತದಿಂದ ಆರು ಡಿಗ್ರಿ ಮೇಲೆ. ಯಾವ ನಿಪುಣನ ಕೈಯೂ ಈ ಅಂತರವನ್ನು ತುಂಬಲಾರದು.

ಕ್ಯಾಮೆರಾ ಕೆಳಗಿಳಿಯಬೇಕಾಯಿತು. ಮಾದರಿಯಲ್ಲಿ ಅದನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಮೇಲಂಚಿನಲ್ಲಿ ಗುಡ್ಡ ಯಾವಾಗ ಬರುತ್ತದೆಂದು ನೋಡಿದೆವು. ಕೆಳಗಿನಿಂದ ಮೂರನೇ ಮೆಟ್ಟಿಲಿನ ಮೇಲೆ, ಘಟ್ಟದ ಒಂದು ಬದಿಗೆ, ಕೂತು ಹಿಡಿದ ಎತ್ತರದಲ್ಲಿ ಲೆನ್ಸು ಕಟ್ಟೆಗಿಂತ 1.1 ಮೀಟರ್ ಮೇಲಿದ್ದಾಗ, ಆರು ಡಿಗ್ರಿ ಕೆಳಗೆ ಬಾಗಿದರೆ ಮೇಲೆ ಗುಡ್ಡದ ನೆತ್ತಿ ಹಿಡಿಸುತ್ತದೆ, ಕೆಳಗೆ ಹುಡುಗಿಯ ಪಾದದ ಬಳಿ ಚೌಕಟ್ಟು ಮುಗಿಯುತ್ತದೆ, ನಡುವೆ ಹರಿಗೋಲು ಚೌಕಟ್ಟಿನ ಅಗಲದ ಮೂರನೇ ಒಂದರಷ್ಟು ಇರುತ್ತದೆ. ಅದೇ ಜಾಗದಿಂದ 35 ಮಿಲಿಮೀಟರ್ ಹಾಕಿದರೆ ಗುಡ್ಡ ಮತ್ತೆ ಹೊರಗೆ ಹೋಗುತ್ತದೆ. ಲೆನ್ಸಿನ ಬಗ್ಗೆ ಆವರೆಗೆ ನಡೆದಿದ್ದ ಚರ್ಚೆ ಇಲ್ಲಿಗೆ ಮುಗಿಯಿತು.

ಮೆಟ್ಟಿಲಿಳಿದು ಬರುವ ಹುಡುಗಿಯನ್ನು ಅದೇ ಜಾಗದಿಂದ ಹಿಂಬಾಲಿಸಿ ನದಿಯ ಕಡೆಗೆ ತಿರುಗುವುದೋ, ಕಟ್ ಹಾಕುವುದೋ ಎಂಬುದನ್ನೂ ಎರಡು ಬಗೆಯಲ್ಲಿ ಕಟ್ಟಿ ನೋಡಿದೆ. ಹಿಂಬಾಲಿಸಿದರೆ ಮೂರು ಸೆಕೆಂಡಿನೊಳಗೆ ಅರ್ಧ ಸುತ್ತಿಗೆ ಹತ್ತಿರ ತಿರುಗಬೇಕು, ಫೋಕಸ್ ನಾಲ್ಕು ಮೀಟರಿನಿಂದ ಒಂದಕ್ಕೆ ಬಂದು ಮತ್ತೆ ಮೂರಕ್ಕೆ ಹೋಗಬೇಕು. ಅಷ್ಟು ಶ್ರಮಪಟ್ಟರೂ ಕಥೆಗೆ ಸಿಗುವುದು ಅವಳು ಹಾದುಹೋದಳು ಎಂಬ ಸಂಗತಿ ಮಾತ್ರ. ಅವಳ ಲಂಗ ಲೆನ್ಸನ್ನು ಮುಚ್ಚುವ ಫ್ರೇಮಿನಲ್ಲಿ ಕಟ್ ಹಾಕಿದ ರೂಪವೇ ಹೆಚ್ಚು ರಭಸದಿಂದ ನಡೆಯಿತು. ಟೈಮ್‌ಲೈನಿನ ಮಾರ್ಕರುಗಳಿಗೆ ಬೇರೆ ಬೇರೆ ಕ್ಯಾಮೆರಾಗಳನ್ನು Ctrl+B ಒತ್ತಿ ಕಟ್ಟಿದರೆ ಬ್ಲೆಂಡರಿನೊಳಗೇ ಇಂಥ ಕಟ್‌ಗಳನ್ನು ನೋಡಬಹುದು. ಒಂದೇ ಚಲನೆಯನ್ನು ಎರಡು ಯೋಜನೆಗಳಲ್ಲಿ ಹೋಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಗಂಟಿನ ಹಾರಾಟ ಇನ್ನೊಂದು ಗಂಟನ್ನು ಬಿಚ್ಚಿಸಿತು. ಐದು ಮೀಟರ್ ದೂರಕ್ಕೆ 45 ಡಿಗ್ರಿಯಲ್ಲಿ ಎಸೆದರೆ ವಸ್ತು ಸುಮಾರು ಒಂದು ಸೆಕೆಂಡ್ ಗಾಳಿಯಲ್ಲಿರುತ್ತದೆ, ಕೈಬಿಟ್ಟ ಮಟ್ಟದಿಂದ 1.2 ಮೀಟರ್ ಮೇಲೇರುತ್ತದೆ. ಭುಜದ ಎತ್ತರದಿಂದ ಹೊರಟ ಗಂಟು ಹೀಗೆ ಏರಿದಾಗ ಕ್ಯಾಮೆರಾದಿಂದ ನೋಡಿದರೆ 14 ಡಿಗ್ರಿ ಎತ್ತರದಲ್ಲಿರುತ್ತದೆ, ಅಂದರೆ ಚೌಕಟ್ಟಿನ ಮೇಲಂಚನ್ನು ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬೀಳುತ್ತದೆ. ಎಸೆತ ಹಿಡಿತಗಳು ಒಂದೇ ಶಾಟಿನಲ್ಲಿರಬೇಕೆಂದು ಹಟ ಹಿಡಿದವರಿಗೆ ನಡುವಿನ ಹಾರಾಟವೇ ಕಾಣದಿದ್ದರೆ ಹೇಗೆ? ನಿರ್ದೇಶಕರು ಎಸೆತವನ್ನೇ ಬದಲಿಸಿದರು. ಹುಡುಗಿ ಗಂಟನ್ನು ಮೇಲಿಂದ ಬೀಸುವ ಬದಲು ಸೊಂಟದ ಕೆಳಗಿನಿಂದ ತೂಗಿ ಬಿಡುತ್ತಾಳೆ, ದೂರ ಐದರ ಬದಲು ನಾಲ್ಕು ಮೀಟರ್. 30 ಡಿಗ್ರಿಯ ಎಸೆತದಲ್ಲಿ ಏರಿಕೆ 60 ಸೆಂಟಿಮೀಟರಿಗೆ ಇಳಿಯಿತು, ಹಾರಾಟ 17 ಫ್ರೇಮಿಗೆ ಬಂತು, ಗಂಟು ಗುಡ್ಡದ ನೆತ್ತಿಗಿಂತ ತುಸು ಕೆಳಗೆ, ಬೆಳಕಿಗೆ ಎದುರಾಗಿ ಹಾದುಹೋಗತೊಡಗಿತು. ಬುತ್ತಿ ಚೆಲ್ಲದಂತೆ ಎಸೆಯುವ ಹುಡುಗಿ ಹೀಗೇ ತೂಗಿ ಎಸೆಯುತ್ತಾಳೆ ಎಂಬುದೂ ನಿಜ.

ದೂರ ಬದಲಾದ ಕಾರಣ ಹರಿಗೋಲಿನ ವೇಳೆಯನ್ನು ಮತ್ತೆ ಲೆಕ್ಕ ಹಾಕಬೇಕಾಯಿತು. ನಾಲ್ಕು ಮೀಟರ್ ಹೋಗಲು ಮೊದಲ ಎರಡಕ್ಕೆ ಐದು ಸೆಕೆಂಡ್, ಉಳಿದ ಎರಡಕ್ಕೆ ಮೂರೂ ಚಿಲ್ಲರೆ, ಒಟ್ಟು ಎಂಟಕ್ಕಿಂತ ಸ್ವಲ್ಪ ಹೆಚ್ಚು. ಹುಡುಗಿಗೆ ಮೆಟ್ಟಿಲು ಮತ್ತು ಕಟ್ಟೆ ಸೇರಿ ಬೇಕಾದದ್ದೂ ಎಂಟಕ್ಕಿಂತ ಸ್ವಲ್ಪ ಹೆಚ್ಚು. ಎರಡೂ ಹೊಂದಿಕೊಂಡದ್ದರಿಂದ ಅಂಬಿಗರಿಗೆ ಗಡಿಯಾರದ ಗೊಡವೆಯೇ ಇಲ್ಲದ ಸೂಚನೆ ಸಿಕ್ಕಿತು: ಹುಡುಗಿಯ ಕಾಲು ಮೇಲಿನ ಮೆಟ್ಟಿಲಿಗೆ ತಾಗಿದ ಕೂಡಲೇ ದಡದಿಂದ ದಬ್ಬಬೇಕು. ಚಿತ್ರಕಥೆಯಲ್ಲೂ ಅದಕ್ಕೆ ತಕ್ಕ ತಿದ್ದುಪಡಿಯಾಯಿತು. ಓಣಿಯ ತಿರುವಿನಿಂದ ಅವಳಿಗೆ ಕಾಣುವುದು ಹೊರಟ ಹರಿಗೋಲಲ್ಲ, ಅದರೊಳಗೆ ಕಾಲಿಡುತ್ತಿರುವ ಅಜ್ಜ.

ಪ್ರಿವಿಸ್ ಅನ್ನು ಲ್ಯಾಪ್‌ಟಾಪಿನಲ್ಲಿ ಅಂಬಿಗರಿಗೆ ತೋರಿಸಿದ್ದು ಈ ಇಡೀ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂತು. ಅವರು ಮೊದಲ ನೋಟಕ್ಕೇ ಹೇಳಿದರು: "ಸರ, ಹರಗೋಲು ಹಿಂಗ ನೆಟ್ಟಗ ಹೋಗಂಗಿಲ್ರಿ. ದಡ ಬಿಟ್ಟ ಕೂಡ್ಲೇ ತಿರುಗತೈತಿ."

"ಕಾಕಾ, ಆ ತಿರುಗೋದು ನಿಮ್ಮ ಕೈಯಾಗ ಐತೋ, ನೀರಿನ ಕೈಯಾಗ ಐತೋ?" ಎಂದು ಛಾಯಾಗ್ರಾಹಕರು ಕೇಳಿದರು.

"ಅರ್ಧ ನಂದು, ಅರ್ಧ ಹೊಳೀದು. ನಿಲ್ಲಿಸು ಅಂದ್ರ ನಿಲ್ಲಸ್ತೀನಿ, ಆದ್ರ ಆವಾಗ ಮುಂದಕ್ಕ ಹೋಗೋದು ತಡ ಆಕ್ಕೈತಿ."

ದುಂಡಗಿನ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ, ಒಂದು ಬದಿಯಿಂದ ಹುಟ್ಟು ಹಾಕಿದ ಪ್ರತಿ ಸಲವೂ ಅದು ಸಾಗುವುದರ ಜೊತೆಗೆ ತಿರುಗುತ್ತದೆ. ದಡದಿಂದ ತೆಗೆಯುವ ಅಗಲದ ಶಾಟಿಗೆ ಅದು ತೊಂದರೆಯಲ್ಲ, ಚೆಂದವೇ. ಎಸೆತದ ಹೊತ್ತಿಗೆ ಅಜ್ಜನ ಮುಖ ದಡದ ಕಡೆಗಿರಬೇಕು ಎಂಬುದಷ್ಟೇ ಮುಖ್ಯ, ಅದನ್ನು ಅಂಬಿಗರು ತಮ್ಮ ಪಾಲಿನ ಅರ್ಧದಿಂದ ಸಾಧಿಸುತ್ತೇನೆಂದರು. ತೊಂದರೆ ಇದ್ದದ್ದು ಅಜ್ಜನ ಹತ್ತಿರದ ಶಾಟಿನಲ್ಲಿ. ಕ್ಯಾಮೆರಾ ಹರಿಗೋಲಿನೊಳಗೇ ಕೂತರೆ ಅಜ್ಜನೂ ಕ್ಯಾಮೆರಾವೂ ಒಟ್ಟಿಗೆ ತಿರುಗುವುದರಿಂದ ಅಜ್ಜ ಚೌಕಟ್ಟಿನಲ್ಲಿ ಸ್ಥಿರವಾಗಿರುತ್ತಾನೆ, ಹಿಂದಿನ ಲೋಕವೆಲ್ಲ ಓಡುತ್ತದೆ. ಹನ್ನೆರಡು ಸೆಕೆಂಡಿಗೆ ಒಂದು ಸುತ್ತು ಎಂದರೆ ಸೆಕೆಂಡಿಗೆ 30 ಡಿಗ್ರಿ. 35 ಮಿಲಿಮೀಟರ್ ಲೆನ್ಸಿನಲ್ಲಿ ಕಾಣುವ ಅಗಲವೂ ಸುಮಾರು 31 ಡಿಗ್ರಿ. ಹಿನ್ನೆಲೆಯ ಒಂದು ಬಂಡೆ ಚೌಕಟ್ಟಿನ ಒಂದಂಚಿನಿಂದ ಇನ್ನೊಂದಕ್ಕೆ ಒಂದೇ ಸೆಕೆಂಡಿನಲ್ಲಿ ದಾಟುತ್ತದೆ. 24 ಫ್ರೇಮಿನಲ್ಲಿ ಹಿನ್ನೆಲೆ ನಡುಗದೆ ಕಾಣಬೇಕಾದರೆ ಅಷ್ಟು ದೂರಕ್ಕೆ ಏಳು ಸೆಕೆಂಡ್ ಕೊಡಬೇಕೆಂಬುದು ಛಾಯಾಗ್ರಾಹಕರ ರೂಢಿಯ ಲೆಕ್ಕ. ಮಾದರಿಯಲ್ಲಿ ಕ್ಯಾಮೆರಾವನ್ನು ಹರಿಗೋಲಿಗೆ ಕಟ್ಟಿ ತಿರುಗಿಸಿದಾಗ ಇದು ಲೆಕ್ಕವಿಲ್ಲದೆಯೇ ಕಣ್ಣಿಗೆ ಹೊಡೆಯಿತು. ಅದಲ್ಲದೆ ಬೆಳಕು ಅಜ್ಜನ ಬೆನ್ನಿನಿಂದ ಮುಖಕ್ಕೆ, ಮುಖದಿಂದ ಬೆನ್ನಿಗೆ ಸುತ್ತುತ್ತಿತ್ತು, ಹುಡುಗಿಯ ಕಡೆಗಿನ ಅವನ ನೋಟವೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೀಳುತ್ತಿತ್ತು.

ಪರಿಹಾರ ಅದೇ 31 ಡಿಗ್ರಿಯಲ್ಲಿತ್ತು. ಹತ್ತಿರದ ಶಾಟಿನಲ್ಲಿ ಅಜ್ಜನ ಹಿಂದೆ ಕಾಣುವುದು ಹೊಳೆಯ ಅಷ್ಟೊಂದು ತುಣುಕು ಮಾತ್ರ. ಆ ತುಣುಕಿನಲ್ಲಿ ನೀರು ಮತ್ತು ಎದುರು ದಡದ ಬಂಡೆಗಳಿದ್ದರೆ ಹರಿಗೋಲು ನಡುಹೊಳೆಯಲ್ಲಿದೆಯೋ ದಡದ ಪಕ್ಕದಲ್ಲಿದೆಯೋ ಎಂದು ನೋಡುಗನಿಗೆ ತಿಳಿಯುವುದಿಲ್ಲ. ಮಾದರಿಯಲ್ಲಿ ಹರಿಗೋಲನ್ನು ಕಟ್ಟೆಯ ಪಕ್ಕದ ಮೊಣಕಾಲು ನೀರಿಗೆ ತಂದು, ಕ್ಯಾಮೆರಾವನ್ನು ಹೊರಗೆ ನೀರಿನಲ್ಲಿ ನಿಂತವರ ಕೈಗೆ ಕೊಟ್ಟು, ವಿದ್ಯುತ್ ಕಂಬಗಳಿಲ್ಲದ ದಿಕ್ಕು ಯಾವುದೆಂದು ಹುಡುಕಿದೆವು. ಇಬ್ಬರು ಅಂಚು ಹಿಡಿದು ಹರಿಗೋಲನ್ನು ಕೆಲವೇ ಡಿಗ್ರಿ ಮೆಲ್ಲಗೆ ತಿರುಗಿಸಿದರೆ ತೇಲುವ ಭಾವವೂ ಉಳಿಯುತ್ತದೆ. ವಯಸ್ಸಾದ ನಟರನ್ನೂ ಕ್ಯಾಮೆರಾವನ್ನೂ ಆಳದ ನೀರಿಗೆ ಒಯ್ಯುವ ಅಗತ್ಯ ಹೀಗೆ ಇಲ್ಲವಾಯಿತು. ನನ್ನ ಮಟ್ಟಿಗೆ ಈ ಪ್ರಿವಿಸ್‌ನ ಎಲ್ಲಕ್ಕಿಂತ ದೊಡ್ಡ ಫಲ ಇದೇ. ನೋಟದ ದಿಕ್ಕು ತಪ್ಪದಿರಲು ಮಾದರಿಯ ನೆಲದಲ್ಲಿ ಹುಡುಗಿಯಿಂದ ಅಜ್ಜನಿಗೆ ಕೆಂಪು ಗೆರೆಯೊಂದನ್ನು ಎಳೆದು, ಎಲ್ಲ ಕ್ಯಾಮೆರಾಗಳನ್ನೂ ಅದರ ಒಂದೇ ಬದಿಯಲ್ಲಿ ಇಟ್ಟೆ. ಹರಿಗೋಲು ಎಷ್ಟೇ ತಿರುಗಲಿ, ಆ ಗೆರೆ ಇರುವುದು ಇಬ್ಬರ ನಡುವೆ.

ಸೂರ್ಯನ ವೇಳೆಯನ್ನು `Sun Position` ಆಡ್-ಆನ್‌ನಿಂದ ನೋಡಿದೆ. ಫೆಬ್ರವರಿ ಮೊದಲ ವಾರದಲ್ಲಿ ಇಲ್ಲಿ ಸೂರ್ಯಾಸ್ತ ಸಂಜೆ 6:20ರ ಸುಮಾರಿಗೆ. ಪಂಚಾಂಗದ ಆ ವೇಳೆ ಬಯಲಿನ ದಿಗಂತಕ್ಕೆ ಹೇಳಿದ್ದು. ನಮ್ಮ ಎದುರಿಗೆ ಆರು ಡಿಗ್ರಿಯ ಗುಡ್ಡವಿದೆ. ಈ ಅಕ್ಷಾಂಶದಲ್ಲಿ ಸಂಜೆಯ ಸೂರ್ಯ ಒಂದು ಡಿಗ್ರಿ ಇಳಿಯಲು ನಾಲ್ಕೂವರೆ ನಿಮಿಷದಷ್ಟು ತೆಗೆದುಕೊಳ್ಳುವುದರಿಂದ, 5:50ಕ್ಕೆಲ್ಲ ಅವನು ಗುಡ್ಡದ ಹಿಂದೆ ಸರಿದಿರುತ್ತಾನೆ. ಎಸೆತದ ಶಾಟಿಗೆ ಗಂಟಿನ ಅಂಚು ಬೆಳಗಬೇಕಾದರೆ ಅರ್ಧ ಗಂಟೆ ಮೊದಲೇ ಶುರುಮಾಡಿ ಆ ಹೊತ್ತಿನೊಳಗೆ ಮುಗಿಸಬೇಕು. ಆದ್ದರಿಂದ ಕಥೆಯಲ್ಲಿ ಕೊನೆಗೆ ಬರುವ ಎಸೆತವನ್ನು ಮೊದಲು, ಗುಡ್ಡದ ನೆರಳು ಬಿದ್ದ ಮೇಲೂ ತೆಗೆಯಬಹುದಾದ ಅಜ್ಜನ ಹತ್ತಿರದ ಶಾಟನ್ನು ಆಮೇಲೆ, ಓಣಿಯ ಓಟವನ್ನು ಬೇರೊಂದು ದಿನದ ಅದೇ ಹೊತ್ತಿಗೆ ಎಂದು ಕ್ರಮ ಹಾಕಿದೆವು.

ಬ್ಲೆಂಡರಿನಿಂದ ಹೊರತೆಗೆದ ತುಣುಕುಗಳನ್ನು ಅನಿಮ್ಯಾಟಿಕ್‌ನ ಅದೇ ಟೈಮ್‌ಲೈನಿನಲ್ಲಿ ಪೆನ್ಸಿಲ್ ಚಿತ್ರಗಳ ಜಾಗದಲ್ಲಿ ಕೂರಿಸಿದೆ. `Burn Into Image` ಆಯ್ಕೆಯಿಂದ ಫ್ರೇಮ್ ಸಂಖ್ಯೆ, ಕ್ಯಾಮೆರಾದ ಹೆಸರು, ಲೆನ್ಸು ಚಿತ್ರದ ಮೇಲೆಯೇ ಅಚ್ಚಾಗಿದ್ದವು. ಘಟ್ಟದಲ್ಲಿ ಫೋನು ತೆರೆದರೆ ಯಾವ ಶಾಟಿಗೆ ಯಾವ ಲೆನ್ಸು ಎಂಬ ಪ್ರಶ್ನೆ ಏಳಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗೊಂಬೆಗಳಿಗೆ ಮುಖಭಾವವಿಲ್ಲದ ಕಾರಣ ಅಜ್ಜ ಗಂಟನ್ನು ಹಿಡಿದು ನೋಡುವ ಶಾಟ್ ಪ್ರಿವಿಸ್‌ನಲ್ಲಿ ಉದ್ದವೆನಿಸುತ್ತದೆ, ಕತ್ತರಿಸಲು ಕೈ ತುರಿಸುತ್ತದೆ. ಓಟ, ಎಸೆತ, ಹರಿಗೋಲಿನಂಥ ಚಲನೆಯ ವೇಳೆಗೆ ಪ್ರಿವಿಸ್‌ನ ಮಾತನ್ನು ನಂಬಬೇಕು, ಮುಖ ನೋಡುವ ವೇಳೆಗೆ ನಂಬಬಾರದು. ಆ ಶಾಟಿಗೆ ಟೈಮ್‌ಲೈನಿನಲ್ಲಿ ಎರಡು ಸೆಕೆಂಡಷ್ಟೇ ಇದ್ದರೂ ಚಿತ್ರೀಕರಣದಲ್ಲಿ ಹತ್ತು ಸೆಕೆಂಡ್ ಓಡಿಸಬೇಕೆಂದು ಪಟ್ಟಿಯಲ್ಲಿ ಬರೆದೆವು.

ಚಿತ್ರೀಕರಣದ ದಿನ ಕಟ್ಟೆ ನೀರಿನ ಮೇಲಿತ್ತು, ಮೊದಲ ಯೋಜನೆಯೇ ನಡೆಯಿತು. ಮೂರನೇ ಮೆಟ್ಟಿಲಿನ ಮೇಲೆ ಸುಣ್ಣದ ಗುರುತು ಹಾಕಿ ಕ್ಯಾಮೆರಾ ಕೂರಿಸಿದಾಗ ಗುಡ್ಡದ ನೆತ್ತಿ ಮೇಲಂಚಿನಲ್ಲಿ ಮಾದರಿಯಲ್ಲಿದ್ದಂತೆಯೇ ಬಂತು. ಮಾದರಿಯಲ್ಲಿ ಇಲ್ಲದ್ದು ಗಾಳಿ. ಹೊಳೆಯ ಮೇಲಿಂದ ದಡಕ್ಕೆ ಬೀಸಿದ ಗಾಳಿಗೆ ಹರಿಗೋಲು ಎಂಟು ಸೆಕೆಂಡಿಗೆ ನಾಲ್ಕು ಮೀಟರ್ ತಲುಪದೆ ಮೂರರಲ್ಲೇ ಉಳಿಯಿತು. ಸೂಚನೆ ಮೆಟ್ಟಿಲಿಗೆ ಕಟ್ಟಿದ್ದರಿಂದ ಸರಿಪಡಿಸುವುದು ಸುಲಭವಾಯಿತು: ಹುಡುಗಿ ಮೇಲಿನ ಮೆಟ್ಟಿಲಿಗಿಂತ ಐದು ಮೀಟರ್ ಹಿಂದಿರುವಾಗಲೇ ದಬ್ಬುವಂತೆ ಓಣಿಯಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿದೆವು, ಅಂಬಿಗರು ಆ ಕಲ್ಲನ್ನು ನೋಡಿ ಹೊರಟರು. ಸಂಕಲನದಲ್ಲಿ ಎಸೆತದ ಹಾರಾಟ 18 ಫ್ರೇಮ್ ಬಂದಿದೆ, ಪ್ರಿವಿಸ್‌ಗಿಂತ ಒಂದು ಹೆಚ್ಚು. ಅಜ್ಜನ ಮುಖದ ಶಾಟ್ ಎರಡು ಸೆಕೆಂಡಿನಿಂದ ನಾಲ್ಕಕ್ಕೆ ಬೆಳೆದಿದೆ. ಅದಕ್ಕೆ ಜಾಗ ಮಾಡಲು ಓಣಿಯ ಓಟದಿಂದ ಎರಡು ಸೆಕೆಂಡ್ ತೆಗೆದೆವು. ಒಟ್ಟು ಉದ್ದ ಅನಿಮ್ಯಾಟಿಕ್‌ನಲ್ಲಿ ಇದ್ದಷ್ಟೇ ಉಳಿದಿದೆ.